ಪಾಂಡಾ ಗಿಬ್ಬನ್ ಆಗಲು ಒಂದೇ ಹೆಜ್ಜೆ

2014ರ ಡಿಸೆಂಬರ್‌ನಲ್ಲಿ ಗೂಗಲ್‌ನ ಇಯಾನ್ ಗುಡ್‌ಫೆಲೊ, ಜೊನಾಥನ್ ಶ್ಲೆನ್ಸ್ ಮತ್ತು ಕ್ರಿಶ್ಚಿಯನ್ ಸೆಗೆಡಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಒಂದರ ಪಕ್ಕ ಒಂದು ಇರುವ ಮೂರು ಚಿತ್ರಗಳಿವೆ. ಎಡಗಡೆ ಒಂದು ಪಾಂಡಾ. ಆಗಿನ ಕಾಲಕ್ಕೆ ಅತ್ಯುತ್ತಮ ಎನಿಸಿದ್ದ ಗೂಗ್ಲೆನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಅದನ್ನು ನೋಡಿ ಶೇ 57.7 ಖಾತರಿಯಿಂದ 'ಪಾಂಡಾ' ಎಂದಿತು. ನಡುವೆ ಇರುವುದು ಬಣ್ಣಬಣ್ಣದ ಚುಕ್ಕೆಗಳು, ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿದ್ದಂಥವು. ಆ ಚುಕ್ಕೆಗಳನ್ನು ತೀರಾ ತೆಳುವಾಗಿಸಿ ಪಾಂಡಾದ ಮೇಲೆ ಕೂಡಿಸಿದರೆ ಬಲಗಡೆಯ ಚಿತ್ರ. ನಮ್ಮ ಕಣ್ಣಿಗೆ ಅದೂ ಅದೇ ಪಾಂಡಾ, ಎಡಗಡೆಯದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಗೂಗ್ಲೆನೆಟ್ ಅದನ್ನು 'ಗಿಬ್ಬನ್' ಎಂದಿತು. ಗಿಬ್ಬನ್ ಎಂದರೆ ನಮ್ಮ ಅಸ್ಸಾಮಿನ ಕಾಡುಗಳಲ್ಲೂ ಇರುವ, ಉದ್ದ ತೋಳಿನ, ಬಾಲವಿಲ್ಲದ ವಾನರ. ಈ ಸಲದ ಖಾತರಿ ಶೇ 99.3.

ತಪ್ಪು ಉತ್ತರಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಆ ಕೊನೆಯ ಅಂಕಿಯ ಬಗ್ಗೆ. ಚಿತ್ರ ಕೆಟ್ಟಿದ್ದರೆ ನಾವು ಅನುಮಾನಿಸುತ್ತೇವೆ, 'ಸರಿಯಾಗಿ ಕಾಣುತ್ತಿಲ್ಲ' ಎನ್ನುತ್ತೇವೆ. ಈ ಯಂತ್ರ ಸರಿಯಾಗಿದ್ದಾಗ ಅರ್ಧಂಬರ್ಧ ನಂಬಿಕೆಯಲ್ಲಿತ್ತು, ತಪ್ಪಿದಾಗ ಪೂರ್ತಿ ನಿಶ್ಚಿಂತೆಯಲ್ಲಿತ್ತು. ಹೀಗೆ ಬೇಕೆಂದೇ ತಿದ್ದಿದ ಚಿತ್ರಗಳಿಗೆ ಈ ಕ್ಷೇತ್ರದಲ್ಲಿ ಅಡ್ವರ್ಸೇರಿಯಲ್ ಉದಾಹರಣೆ ಎನ್ನುತ್ತಾರೆ. ಅವನ್ನು ತಯಾರಿಸಲು ಆ ಮೂವರು ಕೊಟ್ಟ ವಿಧಾನದ ಹೆಸರು ಫಾಸ್ಟ್ ಗ್ರೇಡಿಯೆಂಟ್ ಸೈನ್ ಮೆಥಡ್, ಚುಟುಕಾಗಿ ಎಫ್‌ಜಿಎಸ್‌ಎಂ.

ಇಂಥ ಚಿತ್ರಗಳು ಇರುತ್ತವೆ ಎಂಬುದು ಅದಕ್ಕೂ ಒಂದು ವರ್ಷ ಮೊದಲೇ ಗೊತ್ತಾಗಿತ್ತು. 2013ರಲ್ಲಿ ಸೆಗೆಡಿ ಮತ್ತು ಸಂಗಡಿಗರು ಶಾಲಾ ಬಸ್ಸು ಮೊದಲಾದ ಹಲವು ಚಿತ್ರಗಳನ್ನು ಕಣ್ಣಿಗೆ ಕಾಣದಷ್ಟು ತಿದ್ದಿ, ಅಷ್ಟನ್ನೂ ಯಂತ್ರ 'ಆಸ್ಟ್ರಿಚ್' ಎನ್ನುವಂತೆ ಮಾಡಿ ತೋರಿಸಿದ್ದರು. ಆದರೆ ಅವರ ವಿಧಾನದಲ್ಲಿ ಒಂದೊಂದು ಚಿತ್ರಕ್ಕೂ ಪದೇಪದೇ ಲೆಕ್ಕ ಹಾಕಿ ಹುಡುಕಬೇಕಿತ್ತು. ನೆಟ್‌ವರ್ಕಿನ ಒಳಗಿನ ಲೆಕ್ಕ ಬಹಳ ಅಂಕುಡೊಂಕಾಗಿರುವುದರಿಂದ ಅಲ್ಲಲ್ಲಿ ಇಂಥ ಅಪರೂಪದ ಸಂದುಗಳು ಉಳಿದುಕೊಂಡಿರಬೇಕು ಎಂದೇ ಆಗ ಹಲವರು ಊಹಿಸಿದ್ದರು. 2014ರ ಪ್ರಬಂಧ ಆ ಊಹೆಯನ್ನು ತಲೆಕೆಳಗು ಮಾಡಿತು. ಹುಡುಕುವ ಅಗತ್ಯವೇ ಇಲ್ಲ, ಒಂದು ಹೆಜ್ಜೆ ಸಾಕು ಎಂದಿತು. ಆ ಹೆಜ್ಜೆಯನ್ನು ಅರ್ಥ ಮಾಡಿಕೊಂಡರೆ ದೌರ್ಬಲ್ಯ ಎಲ್ಲಿದೆ ಎಂಬುದೂ ಅರ್ಥವಾಗುತ್ತದೆ.

ನೆಟ್‌ವರ್ಕಿಗೆ ಕಲಿಸುವಾಗ ಪ್ರತಿ ಉತ್ತರ ಎಷ್ಟು ತಪ್ಪಿದೆ ಎಂದು ಒಂದು ಅಂಕಿಯಲ್ಲಿ ಅಳೆಯುತ್ತಾರೆ. ಅದಕ್ಕೆ ಲಾಸ್ ಎಂದು ಹೆಸರು. ಒಳಗಿರುವ ಲಕ್ಷಾಂತರ ತೂಕಗಳಲ್ಲಿ ಯಾವುದನ್ನು ಯಾವ ಕಡೆಗೆ ಸರಿಸಿದರೆ ಲಾಸ್ ಇಳಿಯುತ್ತದೆ ಎಂಬುದನ್ನು ಗ್ರೇಡಿಯೆಂಟ್ ಹೇಳುತ್ತದೆ. ಅದರಂತೆ ತೂಕಗಳನ್ನು ಸರಿಸುತ್ತಾ ಹೋಗುವುದೇ ತರಬೇತಿ. ಎಫ್‌ಜಿಎಸ್‌ಎಂ ಇದೇ ಸಲಕರಣೆಯನ್ನು ತಿರುಗಿಸಿ ಹಿಡಿಯುತ್ತದೆ. ತೂಕಗಳನ್ನು ಮುಟ್ಟದೆ, ಚಿತ್ರದ ಒಂದೊಂದು ಪಿಕ್ಸೆಲ್ ಬಗ್ಗೆಯೂ ಕೇಳುತ್ತದೆ: ಇದನ್ನು ಚೂರು ಹೆಚ್ಚಿಸಿದರೆ ಲಾಸ್ ಏರುತ್ತದೋ, ಇಳಿಯುತ್ತದೋ? ಏರುವುದಾದರೆ ಆ ಪಿಕ್ಸೆಲ್‌ಗೆ ಎಪ್ಸಿಲಾನ್ ಎಂಬ ಸಣ್ಣ ಮೊತ್ತವನ್ನು ಕೂಡಿಸುತ್ತದೆ, ಇಳಿಯುವುದಾದರೆ ಅಷ್ಟನ್ನೇ ಕಳೆಯುತ್ತದೆ. ಯಾವ ಪಿಕ್ಸೆಲ್ ಎಷ್ಟು ಮುಖ್ಯ ಎಂಬುದನ್ನು ನೋಡುವುದೇ ಇಲ್ಲ. ಬೇಕಾದದ್ದು ಕೂಡುವುದೋ ಕಳೆಯುವುದೋ ಎಂಬ ಚಿಹ್ನೆ ಮಾತ್ರ, ಹೆಸರಿನಲ್ಲಿರುವ 'ಸೈನ್' ಅದೇ. ಸೂತ್ರ ಇಷ್ಟೇ:

```
x_adv = x + ε · sign(∇x J(θ, x, y))
```

ಇಲ್ಲಿ x ಮೂಲ ಚಿತ್ರ, y ಸರಿಯಾದ ಉತ್ತರ, θ ಒಳಗಿನ ತೂಕಗಳು, J ಲಾಸ್. ಪೈಟಾರ್ಚ್‌ನಲ್ಲಿ ಬರೆದರೂ ಕೆಲವೇ ಸಾಲು:

```python
x.requires_grad_(True)
loss = F.cross_entropy(model(x), y)
loss.backward()
x_adv = (x + eps * x.grad.sign()).clamp(0, 1).detach()
```

ಪಾಂಡಾದ ಚಿತ್ರಕ್ಕೆ ಅವರು ಬಳಸಿದ ಎಪ್ಸಿಲಾನ್ 0.007. ಸಾಮಾನ್ಯ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಮೆಟ್ಟಿಲುಗಳಿರುತ್ತವೆ. ಗೂಗ್ಲೆನೆಟ್ ಬಳಸುವ ಅಳತೆಯಲ್ಲಿ 0.007 ಎಂದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಮೆಟ್ಟಿಲು. 128 ಇದ್ದದ್ದು 129 ಅಥವಾ 127 ಆಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ನಡುವಿನ ಚುಕ್ಕೆ ಚಿತ್ರವನ್ನಷ್ಟೇ ತೋರಿಸಿದಾಗ ಯಂತ್ರ ಅದನ್ನು 'ನೆಮಟೋಡ್', ಅಂದರೆ ಜಂತುಹುಳು ಎಂದಿತು, ಅದೂ ಶೇ 8.2 ಖಾತರಿಯಿಂದ. ಹಾಗಾಗಿ ಚುಕ್ಕೆಗಳೊಳಗೆ ಗಿಬ್ಬನ್ ಚಿತ್ರ ಅಡಗಿದೆ ಎಂದುಕೊಳ್ಳುವಂತಿಲ್ಲ. ಗಿಬ್ಬನ್ ಬೇಕೆಂದು ಯಾರೂ ಕೇಳಿರಲೂ ಇಲ್ಲ. ಸೂತ್ರ ಕೇಳಿದ್ದು 'ಪಾಂಡಾದಿಂದ ದೂರ ಹೋಗು' ಎಂದಷ್ಟೇ. ಹೋಗಿ ಬಿದ್ದದ್ದು ಗಿಬ್ಬನ್ ಪಾಲಿಗೆ.

ಒಂದೊಂದು ಮೆಟ್ಟಿಲಿನ ಬದಲಾವಣೆ ಇಷ್ಟು ದೊಡ್ಡ ಪಲ್ಲಟ ತರುವುದು ಹೇಗೆ? ಗುಡ್‌ಫೆಲೊ ಮತ್ತು ಸಂಗಡಿಗರ ಉತ್ತರವನ್ನು ಕಾಗದದ ಮೇಲೆಯೇ ಲೆಕ್ಕ ಮಾಡಿ ನೋಡಬಹುದು. ಕೈಬರಹದ ಅಂಕಿಗಳ ಎಂನಿಸ್ಟ್ ಎಂಬ ಪ್ರಸಿದ್ಧ ಸಂಗ್ರಹವಿದೆ. ಅದರ ಪ್ರತಿ ಚಿತ್ರವೂ 28 ಸಾಲು, 28 ಕಂಬ, ಒಟ್ಟು 784 ಪಿಕ್ಸೆಲ್, ಪ್ರತಿಯೊಂದರ ಬೆಲೆ 0ಯಿಂದ 1ರೊಳಗೆ. 3 ಮತ್ತು 7ನ್ನು ಬೇರ್ಪಡಿಸುವ ಅತಿ ಸರಳ ಮಾದರಿಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಪಿಕ್ಸೆಲ್‌ಗೂ ಒಂದು ತೂಕ, ಗುಣಿಸಿ ಎಲ್ಲವನ್ನೂ ಕೂಡಿದರೆ ಒಂದು ಅಂಕ. ಅಂಕ ಸೊನ್ನೆಗಿಂತ ಮೇಲಿದ್ದರೆ '3', ಕೆಳಗಿದ್ದರೆ '7'. ಲೆಕ್ಕ ಸುಲಭವಾಗಲೆಂದು ತೂಕಗಳೆಲ್ಲ +0.1 ಅಥವಾ −0.1 ಎಂದಿಟ್ಟುಕೊಳ್ಳೋಣ. ಯಾರೋ ಬರೆದ ಒಂದು 3ಕ್ಕೆ ಅಂಕ +3 ಬಂತು ಅನ್ನಿ. ಸಂಭವನೀಯತೆಗೆ ಬದಲಾಯಿಸುವ ಮಾಮೂಲಿ ಸೂತ್ರದ ಪ್ರಕಾರ ಅದು '3' ಎಂಬುದಕ್ಕೆ ಶೇ 95 ಖಾತರಿ.

ಈಗ ಎಪ್ಸಿಲಾನ್ 0.1 ಇಟ್ಟುಕೊಂಡು, ಪ್ರತಿ ಪಿಕ್ಸೆಲನ್ನೂ ಅದರ ತೂಕದ ಚಿಹ್ನೆಗೆ ಎದುರು ದಿಕ್ಕಿನಲ್ಲಿ ಸರಿಸಿ. ಒಂದು ಪಿಕ್ಸೆಲಿನಿಂದ ಅಂಕ ಕುಸಿಯುವುದು 0.1 × 0.1, ಅಂದರೆ 0.01. ಏನೇನೂ ಅಲ್ಲ. ಆದರೆ 784 ಪಿಕ್ಸೆಲುಗಳೂ ಒಂದೇ ಕಡೆಗೆ ಎಳೆಯುತ್ತಿವೆ, ಒಟ್ಟು 7.84. ಅಂಕ +3ರಿಂದ −4.84ಕ್ಕೆ ಇಳಿಯುತ್ತದೆ. ಈಗ ಅದು '7', ಶೇ 99ಕ್ಕೂ ಮಿಕ್ಕಿದ ಖಾತರಿಯಿಂದ. ಪಿಕ್ಸೆಲ್ ಬೆಲೆ ಸೊನ್ನೆಗಿಂತ ಕೆಳಗೆ, ಒಂದಕ್ಕಿಂತ ಮೇಲೆ ಹೋಗಲಾರದ್ದರಿಂದ ನಿಜವಾದ ಚಿತ್ರದಲ್ಲಿ ಇದರ ಒಂದಷ್ಟು ಪಾಲು ಸೋರಿಹೋಗುತ್ತದೆ. ಅರ್ಧ ಸೋರಿತೆಂದೇ ಹಿಡಿದರೂ ಅಂಕ −0.92, ಉತ್ತರ ಆಗಲೂ '7'. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಗಣಿತದಲ್ಲಿ ಬರೆದರೆ ಹೀಗೇ ಕಾಣುತ್ತದೆ.

ಇದನ್ನು ಸಾಮಾನ್ಯ ಗದ್ದಲದ ಜೊತೆ ಹೋಲಿಸಿದಾಗಲೇ ವಿಷಯ ಸ್ಪಷ್ಟವಾಗುವುದು. ಅದೇ 0.1ರ ಬದಲಾವಣೆಯನ್ನು ನಾಣ್ಯ ಚಿಮ್ಮಿ, ಬಂದ ದಿಕ್ಕಿಗೆ ಮಾಡಿದರೆ ಪಿಕ್ಸೆಲುಗಳು ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ಆಗ ಉಳಿಯುವ ಬದಲಾವಣೆ 784ರ ವರ್ಗಮೂಲದ ಲೆಕ್ಕದಲ್ಲಿರುತ್ತದೆ. ಆ ವರ್ಗಮೂಲ 28, ಆದ್ದರಿಂದ ಅಂಕ ಕದಲುವುದು ಸುಮಾರು 0.28ರಷ್ಟು ಮಾತ್ರ. +3 ಇದ್ದದ್ದು 2.7 ಆಗಬಹುದು, 3.3 ಆಗಬಹುದು, ಉತ್ತರವಂತೂ ಬದಲಾಗುವುದಿಲ್ಲ. ಕ್ಯಾಮೆರಾದ ಗದ್ದಲ, ಮಸುಕು ಬೆಳಕು, ಧೂಳು ಇವನ್ನೆಲ್ಲ ತಡೆದುಕೊಳ್ಳುವ ಯಂತ್ರವೇ ಇಷ್ಟು ಸಣ್ಣ ಬದಲಾವಣೆಗೆ ಮಣಿಯುವುದು ಈ ಕಾರಣಕ್ಕೆ. ಚಿತ್ರ ದೊಡ್ಡದಾದಷ್ಟೂ ಅಂತರ ಹಿಗ್ಗುತ್ತದೆ. ಗೂಗ್ಲೆನೆಟ್ ನೋಡುವ ಚಿತ್ರದಲ್ಲಿ 224 × 224 × 3, ಅಂದರೆ 1,50,528 ಅಂಕಿಗಳಿವೆ. ಅಷ್ಟೂ ಒಂದೇ ಕಡೆ ಎಳೆದಾಗಿನ ಬಲ, ಯದ್ವಾತದ್ವಾ ಎಳೆದಾಗಿನ ಬಲಕ್ಕಿಂತ ಸುಮಾರು 388 ಪಟ್ಟು.

ಗೂಗ್ಲೆನೆಟ್ ಇಷ್ಟು ಸರಳ ಮಾದರಿಯಲ್ಲ, ಅದರಲ್ಲಿ ಹತ್ತಾರು ಪದರಗಳಿವೆ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ತರಬೇತಿ ಸುಗಮವಾಗಲೆಂದೇ ಆ ಪದರಗಳನ್ನು ಆದಷ್ಟು ನೇರ ಗೆರೆಯ ಹಾಗೆ ವರ್ತಿಸುವಂತೆ ಕಟ್ಟಲಾಗಿದೆ. ಯಾವುದೇ ಒಂದು ಚಿತ್ರದ ಸುತ್ತಮುತ್ತ ನೋಡಿದರೆ ಇಡೀ ನೆಟ್‌ವರ್ಕ್ ಮೇಲೆ ಹೇಳಿದ ಕೂಡುಲೆಕ್ಕಕ್ಕೆ ಹತ್ತಿರವಾಗಿಯೇ ನಡೆದುಕೊಳ್ಳುತ್ತದೆ. ಸಂಶೋಧಕರು ಎಪ್ಸಿಲಾನನ್ನು ಮೆಲ್ಲಗೆ ಏರಿಸುತ್ತಾ ಪ್ರತಿ ವರ್ಗದ ಅಂಕ ಹೇಗೆ ಬದಲಾಗುತ್ತದೆಂದು ಗೆರೆ ಎಳೆದು ನೋಡಿದಾಗ ಕಂಡದ್ದು ಬಹುಮಟ್ಟಿಗೆ ನೇರ ಗೆರೆಗಳೇ. ತಪ್ಪು ಉತ್ತರ ಒಂದು ಸಣ್ಣ ಸಂದಿನಲ್ಲಿ ಅಡಗಿ ಕೂತಿರಲಿಲ್ಲ. ಒಂದು ದಿಕ್ಕು ಹಿಡಿದರೆ ಸಾಕು, ಅಲ್ಲಿಂದ ಮುಂದಕ್ಕೆ ಹರಡಿಕೊಂಡೇ ಇತ್ತು. ಒಂದು ಯಂತ್ರಕ್ಕೆಂದು ತಯಾರಿಸಿದ ಚಿತ್ರ ಬೇರೆ ತಂಡ, ಬೇರೆ ವಿನ್ಯಾಸದಲ್ಲಿ ತರಬೇತಿ ಕೊಟ್ಟ ಇನ್ನೊಂದು ಯಂತ್ರವನ್ನೂ ಹಲವು ಸಲ ಮೋಸಗೊಳಿಸುತ್ತದೆ. ಅದಕ್ಕೂ ಅವರು ಕೊಟ್ಟ ಕಾರಣ ಇದೇ: ಒಂದೇ ಕೆಲಸ ಕಲಿತ ಯಂತ್ರಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನ ತೂಕಗಳಿಗೆ ಬಂದು ನಿಲ್ಲುತ್ತವೆ. ಗ್ರೇಡಿಯೆಂಟ್ ತಿಳಿಯಲು ಯಂತ್ರದ ಒಳಗು ಕೈಯಲ್ಲಿರಬೇಕು ಎಂಬುದು ಎಫ್‌ಜಿಎಸ್‌ಎಂನ ಮಿತಿ. ಈ ಹರಡುವ ಗುಣದಿಂದಾಗಿ ಆ ಮಿತಿ ಬಹಳ ದೊಡ್ಡ ಕಾವಲಾಗಿ ಉಳಿಯಲಿಲ್ಲ.

ರೋಗ ಗೊತ್ತಾದ ಮೇಲೆ ಮದ್ದು ಹೊಳೆಯುವುದು ಸಹಜ: ತಿದ್ದಿದ ಚಿತ್ರಗಳನ್ನೂ ಸರಿಯಾದ ಹೆಸರಿನೊಂದಿಗೆ ತರಬೇತಿಗೆ ಸೇರಿಸಿಬಿಡುವುದು. ಅದೇ ಪ್ರಬಂಧದಲ್ಲಿ ಅದನ್ನೂ ಮಾಡಿದ್ದಾರೆ. ಎಂನಿಸ್ಟ್ ಅಂಕಿಗಳ ಮೇಲೆ, ಎಪ್ಸಿಲಾನ್ 0.25 ಇದ್ದಾಗ, ಮೊದಲು ಶೇ 89.4 ತಪ್ಪುತ್ತಿದ್ದ ಮಾದರಿ ಈ ತರಬೇತಿಯ ನಂತರ ಶೇ 17.9 ಮಾತ್ರ ತಪ್ಪಿತು. ಅಷ್ಟಾದರೂ ಉಳಿದ ತಪ್ಪುಗಳಲ್ಲಿ ಅದರ ಸರಾಸರಿ ಖಾತರಿ ಶೇ 81.4ರಷ್ಟಿತ್ತು. ತಪ್ಪುವುದು ಕಡಿಮೆಯಾಯಿತು, ತಪ್ಪುವಾಗಿನ ಭಂಡಧೈರ್ಯ ಅಷ್ಟಾಗಿ ತಗ್ಗಲಿಲ್ಲ.

ಆಮೇಲೆ ನಡೆದದ್ದನ್ನು ಯಂತ್ರ ಪರೀಕ್ಷಿಸುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನನ್ನ ಅಭಿಪ್ರಾಯ. 2017ರಲ್ಲಿ ಎಂಐಟಿಯ ಅಲೆಕ್ಸಾಂಡರ್ ಮಾಡ್ರಿ ಮತ್ತು ಸಂಗಡಿಗರು ಸಿಫಾರ್-10 ಎಂಬ, ವಿಮಾನ, ಬೆಕ್ಕು, ನಾಯಿ ಮುಂತಾದ 10 ವರ್ಗಗಳ ಸಣ್ಣ ಚಿತ್ರಗಳ ಮೇಲೆ ಒಂದು ನೆಟ್‌ವರ್ಕಿಗೆ ಎಫ್‌ಜಿಎಸ್‌ಎಂ ಬಳಸಿ ತರಬೇತಿ ಕೊಟ್ಟರು. ಪರೀಕ್ಷೆಯಲ್ಲಿ ಮಾಮೂಲಿ ಚಿತ್ರಗಳಿಗೆ ಶೇ 90ರಷ್ಟು ಸರಿ ಉತ್ತರ ಬಂತು. ಎಫ್‌ಜಿಎಸ್‌ಎಂನಿಂದ ತಿದ್ದಿದ ಚಿತ್ರಗಳಿಗೆ ಶೇ 95. ಮೇಲ್ನೋಟಕ್ಕೆ ಅಮೋಘ ಗೆಲುವು. ಆದರೆ ಕೆಡಿಸಿದ ಚಿತ್ರ ಕೆಡದ ಚಿತ್ರಕ್ಕಿಂತ ಸುಲಭವಾಗುವುದು ಹೇಗೆ ಸಾಧ್ಯ? ಸೂತ್ರವನ್ನು ಮತ್ತೊಮ್ಮೆ ನೋಡಿ, ಅದರಲ್ಲಿ y ಇದೆ, ಸರಿಯಾದ ಉತ್ತರ. ಅದನ್ನು ಬಳಸಿಯೇ ಚುಕ್ಕೆಗಳು ತಯಾರಾಗುವುದರಿಂದ ಚುಕ್ಕೆಗಳಲ್ಲೇ ಉತ್ತರದ ಗುರುತು ಸೇರಿಕೊಳ್ಳುತ್ತದೆ. ಯಂತ್ರ ಚಿತ್ರವನ್ನು ಬಿಟ್ಟು ಆ ಗುರುತನ್ನು ಓದಲು ಕಲಿತಿತ್ತು. ಅದೇ ನೆಟ್‌ವರ್ಕಿನ ಮೇಲೆ, ಅದೇ ಎಪ್ಸಿಲಾನ್ ಮಿತಿಯೊಳಗೆ, ಒಂದು ದೊಡ್ಡ ಹೆಜ್ಜೆಯ ಬದಲು ಹಲವು ಪುಟ್ಟ ಹೆಜ್ಜೆಗಳಲ್ಲಿ ಸರಿಯುವ ಪಿಜಿಡಿ ಎಂಬ ದಾಳಿ ಮಾಡಿದಾಗ ಸರಿ ಉತ್ತರ ಸೊನ್ನೆಗೆ ಕುಸಿಯಿತು.

ಈ ಕುಸಿತ ಎಷ್ಟು ಹಠಾತ್ತಾಗಿ ಆಗುತ್ತದೆ ಎಂಬುದನ್ನು 2020ರಲ್ಲಿ ಎರಿಕ್ ವಾಂಗ್, ಲೆಸ್ಲಿ ರೈಸ್ ಮತ್ತು ಜಿಕೊ ಕೋಲ್ಟರ್ ತೋರಿಸಿದರು. ತರಬೇತಿ ಚೆನ್ನಾಗಿಯೇ ಸಾಗುತ್ತಿರುತ್ತದೆ, ಪಿಜಿಡಿ ಪರೀಕ್ಷೆಯಲ್ಲೂ ಅಂಕ ಏರುತ್ತಿರುತ್ತದೆ. ನಡುವೆ ಒಂದು ಸುತ್ತಿನೊಳಗೆ ಆ ಅಂಕ ಸೊನ್ನೆಗೆ ಬೀಳುತ್ತದೆ. ಎಫ್‌ಜಿಎಸ್‌ಎಂ ಅಂಕ ಮಾತ್ರ ಮೇಲೇರುತ್ತಲೇ ಇರುತ್ತದೆ. ಎರಡನ್ನೂ ಜೊತೆಯಲ್ಲಿ ನೋಡದವರಿಗೆ ಏನೂ ಗೊತ್ತಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ವಿವೇಕ್ ಮತ್ತು ಆರ್. ವೆಂಕಟೇಶ್ ಬಾಬು ಅದೇ ವರ್ಷ ಇದೇ ಗಂಟನ್ನು ಬಿಡಿಸಲು ಕುಳಿತರು. ಒಂದೇ ಹೆಜ್ಜೆಯ ದಾಳಿಯಲ್ಲಿ ತರಬೇತಾದ ಮಾದರಿ ದಾಳಿಯನ್ನು ಎದುರಿಸಲು ಕಲಿಯುವುದಿಲ್ಲ, ದಾಳಿ ಹುಟ್ಟದಂತೆ ತಡೆಯಲು ಕಲಿಯುತ್ತದೆ, ಈ ಅತಿ-ಹೊಂದಾಣಿಕೆ ತರಬೇತಿಯ ಆರಂಭದಲ್ಲೇ ಶುರುವಾಗುತ್ತದೆ ಎಂದು ಅವರು ತೋರಿಸಿದರು. ಆರಂಭದಲ್ಲಿ ನೆಟ್‌ವರ್ಕಿನ ಒಂದಷ್ಟು ಘಟಕಗಳನ್ನು ಹೆಚ್ಚು ಹೆಚ್ಚು ಕೈಬಿಟ್ಟು, ಹೋಗುತ್ತಾ ಹೋಗುತ್ತಾ ಆ ಪ್ರಮಾಣ ತಗ್ಗಿಸುವ ಕ್ರಮವನ್ನು ಪರಿಹಾರವಾಗಿ ಕೊಟ್ಟರು.

ಅದಕ್ಕಿಂತ ಎರಡು ವರ್ಷ ಮೊದಲು ಅನೀಶ್ ಅಠಳ್ಯೆ, ನಿಕೊಲಸ್ ಕಾರ್ಲಿನಿ ಮತ್ತು ಡೇವಿಡ್ ವ್ಯಾಗ್ನರ್ ಒಂದು ಪ್ರಮುಖ ಸಮ್ಮೇಳನಕ್ಕೆ ಒಪ್ಪಿಗೆಯಾಗಿದ್ದ ಒಂಬತ್ತು ರಕ್ಷಣಾ ವಿಧಾನಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಏಳು, ಗ್ರೇಡಿಯೆಂಟನ್ನು ಮರೆಮಾಚಿ ದಾಳಿಕೋರನ ಕಣ್ಣು ಕಟ್ಟುವುದನ್ನೇ ನೆಚ್ಚಿಕೊಂಡಿದ್ದವು. ಆರು ಪೂರ್ತಿ, ಒಂದು ಭಾಗಶಃ ಮುರಿದುಬಿದ್ದವು. ಇಂಥ ಸುಳ್ಳು ರಕ್ಷಣೆಯನ್ನು ಪತ್ತೆಹಚ್ಚುವ ಗುರುತುಗಳನ್ನೂ ಅವರು ಬರೆದಿಟ್ಟಿದ್ದಾರೆ. ಹಲವು ಹೆಜ್ಜೆಯ ದಾಳಿಗಿಂತ ಒಂದೇ ಹೆಜ್ಜೆಯದು ಹೆಚ್ಚು ಯಶಸ್ವಿಯಾದರೆ ಅನುಮಾನಿಸಬೇಕು. ಒಳಗನ್ನು ತಿಳಿದು ಮಾಡಿದ ದಾಳಿಗಿಂತ ತಿಳಿಯದೆ ಹೊರಗಿನಿಂದ ಮಾಡಿದ್ದು ಹೆಚ್ಚು ನಾಟಿದರೆ ಅನುಮಾನಿಸಬೇಕು. ಎಪ್ಸಿಲಾನನ್ನು ಚಿತ್ರವೇ ಅಳಿಸಿಹೋಗುವಷ್ಟು ಏರಿಸಿದರೂ ಸರಿ ಉತ್ತರ ಸೊನ್ನೆಗೆ ಇಳಿಯದಿದ್ದರೆ, ತಪ್ಪು ದಾಳಿಯಲ್ಲಿದೆಯೇ ಹೊರತು ಯಂತ್ರ ಗಟ್ಟಿಯಾಗಿದೆ ಎಂದಲ್ಲ.

ಹಾಗಾದರೆ ಇದು ಯಂತ್ರದೊಳಗಿನ ದೋಷವೇ? 2019ರಲ್ಲಿ ಮಾಡ್ರಿ ತಂಡದ ಆಂಡ್ರೂ ಇಲ್ಯಾಸ್ ಮತ್ತಿತರರು ಮಾಡಿದ ಪ್ರಯೋಗ ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಕಟುವಾದ ಉತ್ತರ. ನಾಯಿಯ ಚಿತ್ರವನ್ನು ಕಣ್ಣಿಗೆ ಕಾಣದಷ್ಟು ತಿದ್ದಿ ಯಂತ್ರ 'ಬೆಕ್ಕು' ಎನ್ನುವಂತೆ ಮಾಡಿದರು, ಮತ್ತು ಅದಕ್ಕೆ 'ಬೆಕ್ಕು' ಎಂದೇ ಹೆಸರು ಬರೆದರು. ಹೀಗೆ ಇಡೀ ಸಂಗ್ರಹವನ್ನೇ ತಯಾರಿಸಿದರು. ಮನುಷ್ಯರು ನೋಡಿದರೆ ಎಲ್ಲಾ ಹೆಸರೂ ತಪ್ಪು. ಈ ತಪ್ಪು ಪಾಠವನ್ನಷ್ಟೇ ಓದಿಸಿ ಹೊಸ ನೆಟ್‌ವರ್ಕಿಗೆ ತರಬೇತಿ ಕೊಟ್ಟು, ತಿದ್ದದ ನಿಜವಾದ ಚಿತ್ರಗಳನ್ನು ಸರಿಯಾದ ಹೆಸರಿನೊಂದಿಗೆ ಪರೀಕ್ಷೆಗೆ ಇಟ್ಟರು. 10 ವರ್ಗಗಳಲ್ಲಿ ಕಣ್ಣುಮುಚ್ಚಿ ಊಹಿಸಿದರೆ ಶೇ 10 ಸರಿಯಾಗಬೇಕು. ಅದು ಶೇ 40ನ್ನು ದಾಟಿತು.

ಅಂದರೆ ನಮಗೆ ಗದ್ದಲವೆಂದು ಕಾಣುವ ಆ ಚುಕ್ಕೆಗಳಲ್ಲಿ ನಿಜವಾದ ಬೆಕ್ಕುಗಳನ್ನು ಗುರುತಿಸಲು ನೆರವಾಗುವ ಮಾಹಿತಿ ಇತ್ತು. ಚಿತ್ರಗಳಲ್ಲಿ ಬೆಕ್ಕಿನ ಕಿವಿ, ಮೀಸೆಗಳ ಜೊತೆಗೆ ಮನುಷ್ಯನ ಕಣ್ಣಿಗೆ ಬೀಳದ ಸೂಕ್ಷ್ಮ ವಿನ್ಯಾಸಗಳೂ ಇರುತ್ತವೆ, ಅವುಗಳಿಗೂ ಹೆಸರಿಗೂ ಅಂಕಿ-ಅಂಶದ ನಂಟಿರುತ್ತದೆ. 'ಸರಿ ಉತ್ತರ ಹೆಚ್ಚಿಸು' ಎಂದಷ್ಟೇ ಹೇಳಿದಾಗ ಯಂತ್ರ ಎರಡನ್ನೂ ಬಳಸಿಕೊಳ್ಳುತ್ತದೆ. ಒಂದು ಇನ್ನೊಂದಕ್ಕಿಂತ ಅರ್ಥಪೂರ್ಣ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಎಫ್‌ಜಿಎಸ್‌ಎಂ ಮುಟ್ಟುವುದು ಈ ಎರಡನೆಯ ಬಗೆಯವನ್ನು. ಆದ್ದರಿಂದ ಪಾಂಡಾವನ್ನು ಗಿಬ್ಬನ್ ಎಂದ ಯಂತ್ರ ಕೆಟ್ಟುಹೋಗಿರಲಿಲ್ಲ, ತಾನು ಕಲಿತದ್ದನ್ನೇ ಮಾಡುತ್ತಿತ್ತು. ನಾವು ನೋಡುವ ಹಾಗೆ ಅದು ನೋಡುತ್ತದೆಂದು ನಂಬಿದ್ದು ನಾವು.

ಈ ಅಪಾಯ ಪರದೆಯ ಮೇಲಿನ ಪಿಕ್ಸೆಲುಗಳಿಗಷ್ಟೇ ಸೀಮಿತವೇ ಎಂದರೆ, ಪೂರ್ತಿ ಅಲ್ಲ. 2016ರಲ್ಲಿ ಅಲೆಕ್ಸಿ ಕುರಾಕಿನ್ ಮತ್ತು ಸಂಗಡಿಗರು ತಿದ್ದಿದ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು ಯಂತ್ರಕ್ಕೆ ಕೊಟ್ಟರು. ಗಣನೀಯ ಪಾಲು ಚಿತ್ರಗಳು ಆಗಲೂ ಮೋಸಗೊಳಿಸಿದವು. ಆದರೆ ಒಂದು ಮೆಟ್ಟಿಲಿನ ಸೂಕ್ಷ್ಮ ಬದಲಾವಣೆ ರಸ್ತೆಯ ಬಿಸಿಲು, ದೂರ, ಕೋನಗಳನ್ನು ದಾಟಿ ಉಳಿಯುವುದು ಕಷ್ಟ. ಅಲ್ಲಿ ದಾಳಿ ಮಾಡುವವರು ಕಣ್ಣಿಗೆ ಕಾಣುವ ಸ್ಟಿಕ್ಕರುಗಳಂಥ ಒರಟು ಉಪಾಯಗಳಿಗೇ ಇಳಿಯಬೇಕಾಗುತ್ತದೆ. ಚಿತ್ರವನ್ನು ನೇರವಾಗಿ ಫೈಲಾಗಿ ಕಳಿಸುವ ಕಡೆ, ಅಂದರೆ ಆನ್‌ಲೈನಿನಲ್ಲಿ ದಾಖಲೆ, ಫೋಟೊ, ಸ್ಕ್ಯಾನ್‌ಗಳನ್ನು ಅಪ್‌ಲೋಡ್ ಮಾಡಿಸಿಕೊಳ್ಳುವ ಕಡೆ ಇಂಥ ಅಡ್ಡಿ ಕಡಿಮೆ. ಎಚ್ಚರ ಹೆಚ್ಚು ಬೇಕಾದದ್ದು ಅಲ್ಲಿ.

ಸಿಫಾರ್-10ರಲ್ಲಿ, 255ರಲ್ಲಿ 8 ಮೆಟ್ಟಿಲಿನ ಮಿತಿಯೊಳಗೆ, ಮಾಡ್ರಿ ತಂಡ 2017ರಲ್ಲಿ ಪಿಜಿಡಿ ತರಬೇತಿಯಿಂದ ಪಡೆದದ್ದು ಶೇ 45.8 ಸರಿ ಉತ್ತರ. 2024ರ ಹೊತ್ತಿಗೆ ಅಪಾರ ದತ್ತಾಂಶ ಮತ್ತು ಗಣನಶಕ್ತಿ ಸುರಿದ ಮೇಲೆ, ಇನ್ನೂ ಕಠಿಣವಾದ ಪರೀಕ್ಷೆಯಲ್ಲಿ ಬಂದ ಉತ್ತಮ ಫಲಿತಾಂಶ ಶೇ 74ರ ಆಸುಪಾಸು. ನಾಯಿ ಯಾವುದು, ಬೆಕ್ಕು ಯಾವುದು ಎಂದು ಹೇಳುವ, 32 × 32 ಪಿಕ್ಸೆಲಿನ ಪುಟಾಣಿ ಚಿತ್ರಗಳ ಮಾತಿದು.

ಆದ್ದರಿಂದ ಆಸ್ಪತ್ರೆಗೋ ಬ್ಯಾಂಕಿಗೋ ಸರ್ಕಾರಿ ಇಲಾಖೆಗೋ ಚಿತ್ರ ಗುರುತಿಸುವ ವ್ಯವಸ್ಥೆ ಕೊಳ್ಳುವ ಜವಾಬ್ದಾರಿ ನಿಮ್ಮದಾಗಿದ್ದರೆ, ಮಾರುವವರು ತೋರಿಸುವ ಶೇ 99 ನಿಖರತೆಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಬರೆದುಕೊಡಲು ಕೇಳಿ: ದಾಳಿಯ ಅಡಿಯಲ್ಲಿ ನಿಖರತೆ ಎಷ್ಟು, ಎಪ್ಸಿಲಾನ್ ಎಷ್ಟಿತ್ತು, ದಾಳಿ ಒಂದು ಹೆಜ್ಜೆಯದೋ ಹಲವು ಹೆಜ್ಜೆಯದೋ, ಪರೀಕ್ಷೆ ಮಾಡಿದವರು ಹೊರಗಿನವರೋ ಮಾರುವವರೇ ಆಗಿದ್ದರೋ. 'ಎಫ್‌ಜಿಎಸ್‌ಎಂ ತಡೆದುಕೊಳ್ಳುತ್ತದೆ' ಎಂಬ ಉತ್ತರ ಬಂದರೆ ಒಪ್ಪಂದಕ್ಕೆ ಸಹಿ ಹಾಕಬೇಡಿ, ಪಿಜಿಡಿ ಫಲಿತಾಂಶ ತರಲು ಹೇಳಿ ವಾಪಸ್ ಕಳಿಸಿ.